ಡಬ್ಬಿ ತಲುಪುವ ಹೊತ್ತಲ್ಲ, ತೆರೆಯುವ ಹೊತ್ತು ಕೇಳಿ

"ಕುಕ್ಕಿ ಮೆತ್ತಗಾಗಿದೆ, ಹಳೇದು ಕೊಟ್ರಾ?" ಮನೆಯಿಂದ ಬೇಕ್ ಮಾಡಿ ಮಾರುವವರಿಗೆ ಇದಕ್ಕಿಂತ ಉರಿಯುವ ಮೆಸೇಜ್ ಇನ್ನೊಂದಿಲ್ಲ. ಹಿಂದಿನ ದಿನ ಮಧ್ಯಾಹ್ನವಷ್ಟೇ ಓವನ್‌ನಿಂದ ತೆಗೆದ ಕುಕ್ಕಿ ಅದು. ಆರ್ಡರ್ 30 ಡಬ್ಬಿಯದು. ಪ್ರತಿ ಡಬ್ಬಿಯಲ್ಲಿ 4 ಬೆಣ್ಣೆ ಕುಕ್ಕಿ, 1 ಮಫಿನ್, 1 ಪಫ್. ಮೆಸೇಜ್ ಜೊತೆ ಬಂದ ಫೋಟೋದಲ್ಲಿ ಮಫಿನ್ ಚೆನ್ನಾಗೇ ಇತ್ತು. ಪಫ್‌ನ ಪದರಗಳು ಮಾತ್ರ ಒದ್ದೆ ಕಾಗದದ ಹಾಗೆ ಅಂಟಿಕೊಂಡಿದ್ದವು.

ಇಂಥ ದೂರು ಬಂದಾಗ ಅನುಮಾನ ಮೊದಲು ಓವನ್ ಮೇಲೆ ಹೋಗುತ್ತದೆ, ಆಮೇಲೆ ಬೆಣ್ಣೆಯ ಮೇಲೆ, ಕೊನೆಗೆ ಬಿಸಿಲಲ್ಲಿ ಸುತ್ತಿದ ಡೆಲಿವರಿ ಹುಡುಗನ ಮೇಲೆ. ಅದೇ ಬ್ಯಾಚಿನ ಸ್ಯಾಂಪಲ್ ಎತ್ತಿಟ್ಟಿದ್ದರೆ ಉತ್ತರ ಬೇಗ ಸಿಗುತ್ತದೆ. ಇಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬರೀ ಕುಕ್ಕಿಯನ್ನು ಇಟ್ಟಿತ್ತು. ಅದು ಇನ್ನೂ ಕಟಕ್ ಅಂತ ಮುರಿಯುತ್ತಿತ್ತು. ಹಾಗಾದರೆ ತಪ್ಪು ಬೇಕಿಂಗ್‌ನಲ್ಲಿಲ್ಲ, ಪ್ಯಾಕಿಂಗ್‌ನಲ್ಲಿದೆ. ಸ್ಯಾಂಪಲ್ ಇಡುವುದಾದರೆ ಎರಡು ಇಡಬೇಕು: ಬಿಡಿ ತಿನಿಸು ಒಂದು, ಗಿರಾಕಿಗೆ ಹೋದ ಹಾಗೆಯೇ ಪ್ಯಾಕ್ ಮಾಡಿದ ಡಬ್ಬಿ ಒಂದು. ಎರಡನ್ನೂ ಪಕ್ಕದಲ್ಲಿಟ್ಟು ಮುರಿದು ನೋಡಿದರೆ ವಾದ ಅಲ್ಲಿಗೇ ಮುಗಿಯುತ್ತದೆ.

ಕಾರಣ ಸರಳ. ಗರಿ ಕುಕ್ಕಿಯಲ್ಲಿ ನೀರಿನಂಶ ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಕಡಿಮೆ, ಮಫಿನ್‌ನಲ್ಲಿ 20ಕ್ಕಿಂತ ಹೆಚ್ಚು. ಎರಡನ್ನೂ ಒಂದೇ ಗಾಳಿಯಲ್ಲಿ ಮುಚ್ಚಿಟ್ಟರೆ ಮಫಿನ್ ಬಿಟ್ಟ ತೇವವನ್ನು ಕುಕ್ಕಿ ಹೀರುತ್ತದೆ, ಪಫ್‌ನ ಹೊರಪದರವೂ ಹೀರುತ್ತದೆ. ಒಂದೆರಡು ಗಂಟೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ರಾತ್ರಿಯಿಡೀ ಹಾಗೇ ಇದ್ದರೆ ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ನಡುವೆ ಬಟರ್ ಪೇಪರ್ ಇಟ್ಟಿದ್ದೆವಲ್ಲ ಅನ್ನುವವರಿದ್ದಾರೆ. ಅದು ಜಿಡ್ಡನ್ನು ತಡೆಯುತ್ತದೆ, ಆವಿಯನ್ನಲ್ಲ. ರಟ್ಟಿನ ಗೋಡೆಯೂ ಅಷ್ಟೇ. ಒಂದು ಪುಟ್ಟ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೂ ಇಡೀ ಮಫಿನ್‌ನ ತೇವವನ್ನು ಅದು ತಡೆದುಕೊಳ್ಳಲಾರದು.

ಆದರೆ ಆರ್ಡರ್ ಕೆಟ್ಟಿದ್ದು ಡಬ್ಬಿ ಮುಚ್ಚಿದಾಗಲ್ಲ, ಚಾಟ್‌ನಲ್ಲೇ. "ಬೆಳಗ್ಗೆ 11ಕ್ಕೆ ಬೇಕು" ಅಂತ ಗಿರಾಕಿ ಬರೆದರು, "ಆಯ್ತು" ಅಂತ ಉತ್ತರ ಹೋಯಿತು. 11ಕ್ಕೆ ಬೇಕು ಅಂದರೆ ಹಿಂದಿನ ರಾತ್ರಿ 9ಕ್ಕೇ ಡಬ್ಬಿ ಮುಚ್ಚಬೇಕು. ತಲುಪುವ ಹೊತ್ತಿಗೆ 14 ಗಂಟೆ. ಅಲ್ಲಿ ಡಬ್ಬಿ ಹಂಚಿದ್ದು ಸಂಜೆ 5ಕ್ಕೆ, ಅಲ್ಲಿಗೆ 20 ಗಂಟೆ. ಯಾವಾಗ ತಿನ್ನುತ್ತೀರಿ ಅಂತ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಬೆಳಗ್ಗೆ ಬೇಕ್ ಮಾಡಿ, ಮಧ್ಯಾಹ್ನ ಪ್ಯಾಕ್ ಮಾಡಿ, 3 ಗಂಟೆಗೆ ಕಳಿಸಬಹುದಿತ್ತು. ಗಿರಾಕಿ 11 ಅಂದಿದ್ದು ಮುಂಚಿತವಾಗಿ ಕೈಗೆ ಬಂದರೆ ನಿಶ್ಚಿಂತೆ ಅಂತ, ಅಷ್ಟೇ.

ಹಾಗಾಗಿ ಆರ್ಡರ್ ಖಚಿತಪಡಿಸುವ ಮೆಸೇಜ್ ಒಂದೇ ಅಚ್ಚಿನದಾಗಿರಬೇಕು. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಮಾಡಿಟ್ಟುಕೊಂಡರೆ ಪ್ರತಿ ಸಲ ಟೈಪ್ ಮಾಡುವ ಗೋಳಿಲ್ಲ:

"ತಿನಿಸು ಮತ್ತು ಸಂಖ್ಯೆ: ___. ತಿನ್ನುವ ದಿನ, ಹೊತ್ತು: ___. ತಲುಪಬೇಕಾದ ಹೊತ್ತು: ___. ವಿಳಾಸ, ಮಹಡಿ, ಲೊಕೇಶನ್ ಪಿನ್: ___. ಡಬ್ಬಿ ಪಡೆಯುವವರ ಫೋನ್: ___. ಮೊಟ್ಟೆ, ಬೀಜ, ಹಾಲು, ಗೋಧಿ ಆಗದವರು ಇದ್ದಾರಾ: ___. ಡೆಲಿವರಿ ಖರ್ಚು ಬೇರೆ. ಅರ್ಧ ಮುಂಗಡ ಬಂದ ಮೇಲೆ ಆರ್ಡರ್ ಖಚಿತ."

ನಡುವೆ ಏನೇ ಬದಲಾದರೂ, ವಾಯ್ಸ್ ನೋಟ್‌ನಲ್ಲಿ ಹೇಳಿದ್ದರೂ, ಇಡೀ ಮೆಸೇಜ್ ತಿದ್ದಿ ಮತ್ತೆ ಕಳಿಸಿ "ಸರಿ" ಅನ್ನಿಸಿಕೊಳ್ಳಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಕೇಳಿದವರನ್ನೂ ಇದೇ ಚಾಟ್‌ಗೆ ಕರೆತರುವುದು ಒಳ್ಳೆಯದು. ಅಲ್ಲಿ ಅಪರಿಚಿತರ ಮೆಸೇಜ್ ರಿಕ್ವೆಸ್ಟ್ ಪಟ್ಟಿಯಲ್ಲಿ ಹೋಗಿ ಕೂರುತ್ತದೆ, ನೋಡುವಷ್ಟರಲ್ಲಿ ಅವರ ಹುಟ್ಟುಹಬ್ಬವೇ ಮುಗಿದಿರುತ್ತದೆ. ಇನ್ನು, ಹಣ ಹಾಕಿದ ಸ್ಕ್ರೀನ್‌ಶಾಟ್ ಹಣವಲ್ಲ. ಖಾತೆ ನೋಡಿದ ಮೇಲೇ "ಪೇಯ್ಡ್" ಲೇಬಲ್.

ಪ್ಯಾಕಿಂಗ್ ಶುರುವಾಗುವುದು ಆರಿಸುವುದರಿಂದ. ಕುಕ್ಕಿ, ಮಫಿನ್ ಎರಡನ್ನೂ ಟ್ರೇಯಿಂದ ತಂತಿ ಜಾಲರಿಗೆ ವರ್ಗಾಯಿಸಿ, ಅಡಿಗೂ ಗಾಳಿ ಆಡುವ ಹಾಗೆ ಬಿಡಬೇಕು. ಮೇಲೆ ಮುಟ್ಟಿದರೆ ತಣ್ಣಗಿರುವ ಮಫಿನ್ ಒಳಗೆ ಇನ್ನೂ ಬೆಚ್ಚಗಿರುತ್ತದೆ, ಬೆರಳು ಮೋಸ ಹೋಗುತ್ತದೆ. ಒಂದು ಮಫಿನ್ ಅನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಮುಚ್ಚಿ 10 ನಿಮಿಷ ಬಿಡಿ. ಮುಚ್ಚಳದ ಒಳಮೈಯಲ್ಲಿ ಉಸಿರು ಬಿಟ್ಟ ಕನ್ನಡಕದಂತೆ ಮಂಜು ಕಟ್ಟಿದರೆ ಇನ್ನೂ ಆರಿಲ್ಲ. ಆ ಮಂಜೇ ಆಮೇಲೆ ಹನಿಯಾಗಿ ತಿನಿಸಿನ ಮೇಲೆ ಬೀಳುತ್ತದೆ. ಒಂದೆರಡು ದಿನ ಇಡುವ ತಿನಿಸಾದರೆ ಬೂಸ್ಟು ಮೊದಲು ಬರುವುದೂ ಆ ಹನಿ ಬಿದ್ದ ಕಡೆಯೇ.

ಆರಿದ ಮೇಲೆ ಒಣದ್ದು, ಹಸಿಯದ್ದು ಬೇರೆ ಬೇರೆ. 4 ಕುಕ್ಕಿಗಳನ್ನು ನಾಣ್ಯದ ಹಾಗೆ ಒಂದರ ಮೇಲೊಂದು ಜೋಡಿಸಿ, ಒಳಗೆ ಫಾಯಿಲ್ ಪದರವಿರುವ ಪೌಚ್‌ನಲ್ಲಿ ಹಾಕಿ ಹೀಟ್ ಸೀಲ್ ಮಾಡಬೇಕು. ಅಲುಗಾಡುವಷ್ಟು ಜಾಗ ಬಿಟ್ಟರೆ ದಾರಿಯಲ್ಲಿ ಅಂಚು ಪುಡಿಯಾಗುತ್ತದೆ. ಸೀಲ್ ಆದ ಪೌಚನ್ನು ಮೆಲ್ಲಗೆ ಒತ್ತಿ ನೋಡಿ. ಗಾಳಿ ಸೋರಿ ಚಪ್ಪಟೆಯಾದರೆ ಸೀಲ್ ಹಿಡಿದಿಲ್ಲ. ಬಹಳ ಸಲ ಸೀಲ್ ಬೀಳುವ ಕಡೆ ಕುಕ್ಕಿಯ ಪುಡಿ ಅಥವಾ ಬೆಣ್ಣೆ ಜಿಡ್ಡು ಅಂಟಿರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿದರೆ ಸರಿಹೋಗುತ್ತದೆ. ಮಫಿನ್‌ಗೆ ಅದರದ್ದೇ ಬೇರೆ ಕವರ್. ಪಫ್‌ಗೆ ಮಾತ್ರ ಉಪಾಯವಿಲ್ಲ. ಗಾಳಿ ಆಡಲು ಬಿಟ್ಟರೆ ಒಣಗುತ್ತದೆ, ಮುಚ್ಚಿದರೆ ತನ್ನ ಹೂರಣದ ತೇವದಲ್ಲೇ ಮೆತ್ತಗಾಗುತ್ತದೆ. ಬೇಕ್ ಮಾಡಿ ಕೆಲವೇ ಗಂಟೆಯಲ್ಲಿ ತಿನ್ನುವುದಾದರೆ ಸರಿ, ಇಲ್ಲವಾದರೆ ಅದು ಈ ಡಬ್ಬಿಗೆ ಬೇಡ ಅಂತ ಗಿರಾಕಿಗೆ ನೇರವಾಗಿ ಹೇಳುವುದೇ ವಾಸಿ.

ಡೆಲಿವರಿ ವಿಷಯದಲ್ಲಿ ಒಂದು ಚಟ ಬಿಡಬೇಕು: ಕೊನೆಯ ಡಬ್ಬಿ ಮುಚ್ಚುವ ಮೊದಲೇ ರೈಡರ್ ಬುಕ್ ಮಾಡುವುದು. ರೈಡರ್ ಬರಲು 15 ನಿಮಿಷ ಆಗುತ್ತದೆ, ಅಷ್ಟರಲ್ಲಿ ಮುಗಿಯುತ್ತದೆ ಅನ್ನುವ ಲೆಕ್ಕ ಪ್ರತಿ ಸಲ ಕೈಕೊಡುತ್ತದೆ. ಅವರು 4 ನಿಮಿಷಕ್ಕೇ ಗೇಟಿನ ಹತ್ತಿರ ನಿಂತು ಫೋನ್ ಮಾಡುತ್ತಾರೆ, ಆ್ಯಪ್‌ನಲ್ಲಿ ವೇಟಿಂಗ್ ಗಡಿಯಾರ ಓಡುತ್ತದೆ, ಒಳಗೆ 6 ಡಬ್ಬಿಗೆ ಇನ್ನೂ ಲೇಬಲ್ ಇಲ್ಲ. ಆ ಗಡಿಬಿಡಿಯಲ್ಲೇ ಬೆಚ್ಚಗಿನ ಮಫಿನ್ ಕವರ್ ಸೇರುವುದು, ಬೀಜ ಹಾಕಿದ್ದರ ಲೇಬಲ್ ಹಾಕದ್ದಕ್ಕೆ ಅಂಟುವುದು. ಎರಡನೆಯದು ಬರೀ ದೂರಲ್ಲ, ಅಲರ್ಜಿ ಇರುವವರ ಜೀವದ ಪ್ರಶ್ನೆ.

ಬುಕ್ ಮಾಡುವ ಮೊದಲು ಬ್ಯಾಗಿನ ಲೆಕ್ಕವನ್ನೂ ಹಾಕಬೇಕು. ನಮ್ಮ ಡಬ್ಬಿ 18 ಸೆಂ.ಮೀ. ಉದ್ದ, 12 ಅಗಲ, 6 ಎತ್ತರ. 36 ಸೆಂ.ಮೀ. ಚೌಕದಲ್ಲಿ ಒಂದು ಸಾಲಿಗೆ 6 ಡಬ್ಬಿ, 5 ಸಾಲಿಗೆ 30, ಒಟ್ಟು ಎತ್ತರ 30 ಸೆಂ.ಮೀ. ಬೆನ್ನಿನ ಬ್ಯಾಗು ಒಳಗೆ 40 ಸೆಂ.ಮೀ. ಇದ್ದರೆ ಎಲ್ಲವೂ ಹಿಡಿಯುತ್ತದೆ, ಕಾಗದದ ಮೇಲೆ. ನಿಜದಲ್ಲಿ ಡಬ್ಬಿಗೆ ಸುಮಾರು 250 ಗ್ರಾಂ ತೂಕ, ಕೆಳಗಿನ ಸಾಲಿನ ಪ್ರತಿ ಡಬ್ಬಿಯ ತಲೆ ಮೇಲೆ 1 ಕಿಲೋ. ತೆಳು ರಟ್ಟು ಪ್ರತಿ ಹಂಪ್‌ಗೂ ಬಗ್ಗುತ್ತದೆ, ಮಫಿನ್ ತಲೆ ಮುಚ್ಚಳಕ್ಕೆ ತಾಗುತ್ತದೆ. ಅದಕ್ಕೆ ಎಲ್ಲ ಡಬ್ಬಿಗಳನ್ನೂ ಅಲೆಅಲೆ ರಟ್ಟಿನ ಒಂದು ಕಾರ್ಟನ್‌ನಲ್ಲಿ ಜೋಡಿಸಿ, ಎರಡು ಸಾಲಿಗೊಂದು ಗಟ್ಟಿ ರಟ್ಟಿನ ಹಾಳೆ ಇಟ್ಟರೆ ಭಾರ ಹಂಚಿಹೋಗುತ್ತದೆ. ಕಾರ್ಟನ್‌ನ ಎರಡು ಪಕ್ಕದಲ್ಲೂ ಮೇಲ್ಮುಖ ಬಾಣ ಬರೆಯಿರಿ. ರೈಡರ್‌ಗೆ "ಹುಷಾರು" ಅನ್ನುವುದಕ್ಕಿಂತ "ಅಡ್ಡ ಮಲಗಿಸಬೇಡಿ" ಅನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಬ್ಯಾಗಿನಲ್ಲಿ ಬೇರೆ ಯಾರದೋ ಬಿಸಿ ಊಟ ಇದೆಯಾ ಅಂತಲೂ ಕೇಳಿ, ಇದ್ದರೆ ಚಾಕೊಲೇಟ್ ಹಚ್ಚಿದ ಯಾವುದೂ ಉಳಿಯುವುದಿಲ್ಲ.

ಇನ್ನು ಬೆಲೆ. ಒಳಗಿನ ಎರಡೂ ಕವರ್ ಸೇರಿದರೆ 30 ಡಬ್ಬಿಗೆ 60 ಕವರ್. ತುಂಬಿ, ಒರೆಸಿ, ಮುಚ್ಚಲು ಒಂದಕ್ಕೆ ಒಂದು ನಿಮಿಷ ಅಂದರೂ ಪೂರ್ತಿ ಒಂದು ಗಂಟೆ. ಕವರಿನ ದುಡ್ಡನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ, ಆ ಗಂಟೆಯನ್ನು ಯಾರೂ ಹಿಡಿಯುವುದಿಲ್ಲ. ಒಂದು ಡಬ್ಬಿಯ ಸಾಮಗ್ರಿ ಖರ್ಚನ್ನು 100 ಅಂತಿಟ್ಟುಕೊಳ್ಳಿ, ಬರೀ ಅನುಪಾತಕ್ಕೆ. ಪ್ಯಾಕಿಂಗ್ 35, ಕರೆಂಟು ಗ್ಯಾಸು 15, ಕೂಲಿ 75, ಕೆಟ್ಟದ್ದು ಮುರಿದದ್ದು 15. ಒಟ್ಟು 240. ಲಾಭ 60 ಸೇರಿಸಿದರೆ ನೇರ ಮಾರಾಟದ ಬೆಲೆ 300.

ಇದನ್ನೇ ಆರ್ಡರ್ ಆ್ಯಪ್‌ನಲ್ಲಿ ಹಾಕಿದಾಗ ಅವರು ನೂರಕ್ಕೆ 25 ಕಮಿಷನ್ ಹಿಡಿಯುತ್ತಾರೆ ಅಂದುಕೊಳ್ಳಿ. 300ಕ್ಕೆ 25 ಪರ್ಸೆಂಟ್ ಕೂಡಿಸಿ 375 ಅಂತ ಹಾಕುವವರೇ ಹೆಚ್ಚು. ಕಮಿಷನ್ ಕಡಿತವಾಗುವುದು 375ರ ಮೇಲೆ. ಕೈಗೆ ಬರುವುದು 281 ಚಿಲ್ಲರೆ, ಡಬ್ಬಿಗೆ 19ರಷ್ಟು ಲಾಭ ಸದ್ದಿಲ್ಲದೆ ಹೋಯಿತು. 300 ಕೈಗೆ ಬರಬೇಕಾದರೆ 300ನ್ನು 0.75ರಿಂದ ಭಾಗಿಸಿ 400 ಹಾಕಬೇಕು. ಜಾಸ್ತಿ ಅನ್ನಿಸಿದರೆ ಆ ತಿನಿಸು ಆ್ಯಪ್‌ನಲ್ಲಿ ಬೇಡ, ಚಾಟ್ ಆರ್ಡರ್‌ಗಷ್ಟೇ ಇರಲಿ. ಚಾಟ್ ಆರ್ಡರ್‌ನಲ್ಲಿ ಡೆಲಿವರಿ ಖರ್ಚನ್ನು ಬೆಲೆಯೊಳಗೆ ಬಚ್ಚಿಟ್ಟು "ಫ್ರೀ ಡೆಲಿವರಿ" ಅನ್ನಬೇಡಿ. ಮಳೆ ಬಂದ ಸಂಜೆ ಬಾಡಿಗೆ ಏರುತ್ತದೆ, ಏರಿದ್ದು ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಬುಕ್ ಮಾಡುವಾಗ ಎಷ್ಟು ತೋರಿಸುತ್ತದೋ ಅಷ್ಟು ಗಿರಾಕಿಯದು, ಇಲ್ಲವೇ ಅವರೇ ಬಂದು ಒಯ್ಯಲಿ.

30 ಡಬ್ಬಿ ತಗೊಳ್ತೀವಿ, 10 ಪರ್ಸೆಂಟ್ ಬಿಡಿ ಅನ್ನುವವರು ಬಂದೇ ಬರುತ್ತಾರೆ. 300ರಲ್ಲಿ 10 ಪರ್ಸೆಂಟ್ ಅಂದರೆ 30, ಅಂದರೆ 60ರ ಲಾಭದಲ್ಲಿ ಅರ್ಧ. ಬಿಡಲೇಬೇಕಾದರೆ ಸ್ಯಾಟಿನ್ ರಿಬ್ಬನ್, ಹೆಸರು ಮುದ್ರಿಸಿದ ಕಾರ್ಡು, ಬಣ್ಣದ ಕಾಗದದ ಚೂರು, ಇವನ್ನು ತೆಗೆದು ಬೆಲೆ ಇಳಿಸಿ. ಕುಕ್ಕಿಯ ಪೌಚಿಗೆ ಕೈ ಹಾಕಬೇಡಿ.