ಅನುರಾಧಪುರದ ಸಮಾಧಿ ಬುದ್ಧ: ಕೈ, ಕಾಲು ಮತ್ತು ಒಂದು ಛಾಯಾಚಿತ್ರ

ಶ್ರೀಲಂಕಾದ ಅನುರಾಧಪುರಕ್ಕೆ ಹೊರಡುವ ಮುನ್ನ ನಾನು ಸಮಾಧಿ ಬುದ್ಧನ ಒಂದು ಛಾಯಾಚಿತ್ರವನ್ನು ಮುದ್ರಿಸಿಕೊಂಡು, ಅದರ ಹಿಂದೆ ‘ಪದ್ಮಾಸನ, ಧ್ಯಾನಮುದ್ರೆ’ ಎಂದು ಬರೆದಿಟ್ಟುಕೊಂಡಿದ್ದೆ. ಅಭಯಗಿರಿ ವಿಹಾರದ ಅವಶೇಷಗಳ ಸಮೀಪ, ಮರಗಳ ನಡುವೆ, ಚಾವಣಿಯ ಕೆಳಗೆ ಕುಳಿತಿರುವ ಸುಮಾರು 7 ಅಡಿ ಎತ್ತರದ ಆ ಡಾಲೊಮೈಟ್ ಶಿಲೆಯ ಮೂರ್ತಿಯ ಮುಂದೆ ನಿಂತು ಚಿತ್ರವನ್ನು ಹೋಲಿಸಿದಾಗ, ನಾನು ಬರೆದಿದ್ದರಲ್ಲಿ ಅರ್ಧ ತಪ್ಪೆಂದು ತಿಳಿಯಿತು. ಅಲ್ಲಿಗೆ ಹೋಗುವವರು ಅದೇ ತಪ್ಪು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲುಗಳನ್ನು ನೋಡಿ. ಪದ್ಮಾಸನದಲ್ಲಿ ಎರಡೂ ಪಾದಗಳು ಎದುರು ತೊಡೆಗಳ ಮೇಲೇರಿರುತ್ತವೆ. ಹಾಗಾಗಿ ಎರಡು ಅಂಗಾಲುಗಳೂ ಮೇಲ್ಮುಖವಾಗಿ ಕಾಣುತ್ತವೆ. ಈ ಮೂರ್ತಿಯಲ್ಲಿ ಕಾಣುವುದು ಬಲಗಾಲಿನ ಅಂಗಾಲು ಮಾತ್ರ. ಎಡಗಾಲು ಕೆಳಗೆ ಮಡಚಿಕೊಂಡಿದೆ, ಬಲಗಾಲು ಅದರ ಮೇಲೆ ಸಡಿಲವಾಗಿ ಮಲಗಿದೆ, ಒಂದಕ್ಕೊಂದು ಹೆಣೆದುಕೊಂಡಿಲ್ಲ. ಶಿಲ್ಪಶಾಸ್ತ್ರದ ಅಭ್ಯಾಸಿಗಳು ಇದನ್ನು ವೀರಾಸನವೆಂದೂ ಅರ್ಧಪದ್ಮಾಸನವೆಂದೂ ಕರೆಯುತ್ತಾರೆ. ಯೋಗಾಭ್ಯಾಸದಲ್ಲಿ ಮಂಡಿಯೂರಿ ಹಿಮ್ಮಡಿಗಳ ನಡುವೆ ಕೂರುವ ಭಂಗಿಗೂ ವೀರಾಸನವೆಂಬ ಹೆಸರೇ ಇರುವುದರಿಂದ ಗೊಂದಲವಾಗುವುದು ಸಹಜ. ಹೆಸರನ್ನು ಬದಿಗಿಟ್ಟು ಕಾಣುವ ಅಂಗಾಲುಗಳನ್ನು ಎಣಿಸುವುದೇ ನನಗೆ ಉತ್ತಮವೆನಿಸಿದೆ.

ಇನ್ನು ಕೈಗಳು. ಎರಡೂ ಕೈಗಳು ಮಡಿಲಿನಲ್ಲಿ, ಅಂಗೈ ಮೇಲಾಗಿ, ಎಡಗೈಯ ಮೇಲೆ ಬಲಗೈ ಬರುವಂತೆ ಒರಗಿವೆ. ಇದು ಧ್ಯಾನಮುದ್ರೆ, ಸಮಾಧಿಮುದ್ರೆ ಎಂಬ ಹೆಸರೂ ಉಂಟು, ಮೂರ್ತಿಗೆ ಆ ಹೆಸರು ಬಂದಿರುವುದು ಈ ಸ್ಥಿತಿಯಿಂದಲೇ. ಬಲಗೈ ಮಡಿಲನ್ನು ಬಿಟ್ಟು ಮಂಡಿಯ ಮೇಲಿಂದ ಇಳಿದು ಬೆರಳುಗಳು ನೆಲವನ್ನು ಮುಟ್ಟುತ್ತಿದ್ದರೆ ಅದು ಭೂಮಿಸ್ಪರ್ಶ ಮುದ್ರೆ, ಅಂದರೆ ಮಾರನ ಸವಾಲಿಗೆ ಭೂಮಿಯನ್ನೇ ಸಾಕ್ಷಿಯಾಗಿ ಕರೆದ ಗಳಿಗೆ. ಕುಳಿತ ಬುದ್ಧನನ್ನು ಕಂಡೊಡನೆ ‘ಧ್ಯಾನಸ್ಥ’ ಎಂದು ಬರೆಯುವವರು ಈ ಎರಡನ್ನೂ ಬೆರೆಸಿಬಿಡುತ್ತಾರೆ. ಸಮಾಧಿ ಬುದ್ಧನಲ್ಲಿ ಸವಾಲೂ ಇಲ್ಲ, ಉತ್ತರವೂ ಇಲ್ಲ. ಎರಡೂ ಕೈಗಳು ಕೆಲಸದಿಂದ ಪೂರ್ತಿ ಬಿಡುವು ಪಡೆದಂತಿವೆ, ಮತ್ತು ಬಹಳ ಹೊತ್ತು ನೋಡಿದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಖಕ್ಕಿಂತ ಹೆಚ್ಚಾಗಿ ಆ ಕೈಗಳೇ. 1931ರಲ್ಲಿ ಶ್ರೀಲಂಕಾಕ್ಕೆ ಹೋಗಿದ್ದ ಜವಾಹರಲಾಲ್ ನೆಹರೂ ಅವರಿಗೆ ಅನುರಾಧಪುರದ ಕುಳಿತ ಬುದ್ಧನ ಹಳೆಯ ಮೂರ್ತಿಯೊಂದು ಬಹಳ ಮೆಚ್ಚಿಕೆಯಾಗಿ, ಮುಂದೆ ಡೆಹ್ರಾಡೂನ್ ಸೆರೆಮನೆಯಲ್ಲಿ ಅದರ ಚಿತ್ರವನ್ನು ತಮ್ಮ ಮೇಜಿನ ಮೇಲಿಟ್ಟುಕೊಂಡಿದ್ದರೆಂಬುದು ಆಗ ನೆನಪಾಯಿತು.

ನನ್ನ ಕೈಯಲ್ಲಿದ್ದ ಚಿತ್ರದಲ್ಲಿ ಇನ್ನೊಂದು ದೋಷವಿತ್ತು. ಅದರಲ್ಲಿ ಎಡಗೈ ಮೇಲಿತ್ತು, ಎಡಗಾಲೂ ಮೇಲಿತ್ತು. ಮೂರ್ತಿ ನಮಗೆ ಎದುರಾಗಿ ಕುಳಿತಿರುವುದರಿಂದ ಅದರ ಬಲಭಾಗ ನಮ್ಮ ಎಡಕ್ಕೆ ಬರುತ್ತದೆ. ಆ ಲೆಕ್ಕದಲ್ಲಿ ನಾನೇ ಎಡವಿದ್ದೇನೆಂದು ಮೊದಲು ಭಾವಿಸಿದೆ. ಆಮೇಲೆ ಚೀವರವನ್ನು ಗಮನಿಸಿದೆ. ಎದುರಿನ ಮೂರ್ತಿಯಲ್ಲಿ ಬಟ್ಟೆ ಎಡಹೆಗಲನ್ನು ಮುಚ್ಚಿ ಬಲಹೆಗಲನ್ನು ಬರಿದಾಗಿ ಬಿಟ್ಟಿದೆ, ಆದರೆ ಚಿತ್ರದಲ್ಲಿ ಬರಿದಾಗಿದ್ದುದು ಎಡಹೆಗಲು. ಅಂದರೆ ಮುದ್ರಿಸುವಾಗ ಚಿತ್ರ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿತ್ತು. ಎಡಗೈ ಮೇಲಿದೆ ಎಂಬುದೊಂದನ್ನೇ ಹಿಡಿದು ಹೀಗೆ ತೀರ್ಮಾನಿಸಬಾರದು, ಏಕೆಂದರೆ ಜಪಾನಿನ ಝೆನ್ ಸಂಪ್ರದಾಯದಲ್ಲಿ ಧ್ಯಾನಕ್ಕೆ ಕೂರುವವರು ಎಡಗೈಯನ್ನೇ ಮೇಲಿಡುತ್ತಾರೆ. ಹೆಗಲನ್ನೂ ನೋಡಿದರೆ ಮಾತ್ರ ಸಂಶಯ ಪರಿಹಾರವಾಗುತ್ತದೆ.

ನೀವೇ ಚಿತ್ರ ತೆಗೆಯುವುದಾದರೆ ಕ್ಯಾಮೆರಾವನ್ನು ನೆಲಮಟ್ಟದಿಂದ ಮೇಲಕ್ಕೆ ಹಿಡಿಯಬೇಡಿ. ಹಾಗೆ ತೆಗೆದರೆ ಮೂರ್ತಿ ಭವ್ಯವಾಗಿ ಕಂಡರೂ ಕಾಲುಗಳ ಅಂಚು ಅಂಗೈಯನ್ನು ಮರೆಮಾಡುತ್ತದೆ. ಬೆರಳುಗಳ ಅಂಚಷ್ಟೇ ಕಂಡು ಯಾವ ಕೈ ಮೇಲಿದೆಯೆಂಬುದು ಆಮೇಲೆ ತಿಳಿಯುವುದಿಲ್ಲ. ಕೈ ಚಾಚಿ ಕ್ಯಾಮೆರಾವನ್ನು ಎತ್ತರಿಸಿ ನೇರ ಎದುರಿನಿಂದ ಒಂದು, ಬಲ ಅಂಗಾಲು ಕಾಣುವಂತೆ ಓರೆಯಿಂದ ಒಂದು ತೆಗೆದರೆ ಸಾಕು. ಮುಖವನ್ನು ಹತ್ತಿರದಿಂದ ತೆಗೆಯುವವರು ಮೂಗು ಒಮ್ಮೆ ಹಾನಿಗೊಂಡು ಬಳಿಕ ದುರಸ್ತಿಯಾದದ್ದೆಂಬುದನ್ನು ತಿಳಿದಿರಬೇಕು. ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದನ್ನು ಅಲ್ಲಿ ಅಗೌರವವೆಂದು ಎಣಿಸುತ್ತಾರೆ. ಹೆಗಲು, ಮಂಡಿ ಮುಚ್ಚುವ ಉಡುಪಿರಲಿ. ಪಾದರಕ್ಷೆ, ಟೋಪಿ ಎರಡನ್ನೂ ತೆಗೆಯಬೇಕಾಗುವುದರಿಂದ ಕಲ್ಲು ಕಾಯುವ ಮೊದಲೇ, ಬೆಳಿಗ್ಗೆ ಹೋಗುವುದು ಹಿತ.

ಮರುದಿನ ಪೊಲೊನ್ನರುವದ ಗಲ್ ವಿಹಾರಕ್ಕೆ ಹೋಗುವಂತೆ ದಿನಗಳನ್ನು ಹೊಂದಿಸಿಕೊಳ್ಳಿ. 12ನೇ ಶತಮಾನದಲ್ಲಿ ಪರಾಕ್ರಮಬಾಹುವಿನ ಕಾಲಕ್ಕೆ ಬಂಡೆಯಲ್ಲೇ ಕಡೆದ, ಸುಮಾರು 15 ಅಡಿ ಎತ್ತರದ ಕುಳಿತ ಬುದ್ಧ ಅಲ್ಲಿದ್ದಾನೆ. ಅಲ್ಲಿಯೂ ಬಲಗಾಲು ಎಡಗಾಲಿನ ಮೇಲೆ, ಬಲಗೈ ಎಡಗೈಯ ಮೇಲೆ ಇವೆ, ಆದರೆ ಎದುರಿನ ಬಂಡೆಯ ಮೇಲೆ ಕುಳಿತು ನೋಡಬಹುದಾದ್ದರಿಂದ ಎರಡನ್ನೂ ಸಾವಧಾನವಾಗಿ ಗುರುತಿಸಬಹುದು.