ಪೂಜೆಗೆ ಕೂರದ ಮಗನೂ ಪ್ರಹ್ಲಾದನ ಕಥೆಯೂ

"ಮಗನಿಗೆ ಹತ್ತು ವರ್ಷ. ದೇವರ ಮುಂದೆ ಕೂತು ಸ್ತೋತ್ರ ಹೇಳಿದ ಮೇಲೇನೇ ತಿಂಡಿ ಅಂತ ಅವರಪ್ಪ ಕಟ್ಟುನಿಟ್ಟು ಮಾಡಿದ್ದಾರೆ. ಹೇಳ್ತಾನೆ, ಆದರೆ ಕಣ್ಣೆಲ್ಲ ಗಡಿಯಾರದ ಮೇಲೆ. ಈಗೀಗ ಹೇಳದೇನೇ ಹೇಳಿದೆ ಅಂತಾನೆ. ಸುಮ್ನೆ ಬಿಟ್ಟರೆ ದೇವರನ್ನೇ ಮರೀತಾನೇನೋ ಅಂತ ಭಯ." ತುಮಕೂರಿನ ತಾಯಿಯೊಬ್ಬರು ನನ್ನನ್ನು ಕೇಳಿದ ಮಾತಿದು.

ಅಮ್ಮಾ, ನಿಮ್ಮೂರಿಗೆ ದೇವರಾಯನದುರ್ಗ ಹತ್ತಿರವೇ ಅಲ್ವಾ? ಕೆಳಗೆ ಭೋಗ ನರಸಿಂಹ, ಬೆಟ್ಟದ ಮೇಲೆ ಯೋಗ ನರಸಿಂಹ. ಆ ಸ್ವಾಮಿ ಕಂಬ ಒಡೆದು ಬಂದದ್ದು ಒಬ್ಬ ಹುಡುಗನಿಗಾಗಿ. ಹುಡುಗನ ಕಷ್ಟವೇನು? ತಾನು ಹೇಳಿದ್ದನ್ನೇ ನಂಬಬೇಕು ಅನ್ನುವ ಅಪ್ಪ. ಹಿರಣ್ಯಕಶಿಪು ಮಗನನ್ನು ಶಂಡ, ಅಮರ್ಕ ಅನ್ನುವ ಗುರುಗಳ ಹತ್ತಿರ ಬಿಟ್ಟ. ಗದರಿಸಿದ, ವಿಷ ಹಾಕಿಸಿದ, ಆನೆಯಿಂದ ತುಳಿಸಿದ. ಯಾವುದೂ ಮಗುವಿನ ಮನಸ್ಸಿಗೆ ಇಳಿಯಲಿಲ್ಲ. ನಿಮ್ಮ ಯಜಮಾನರನ್ನು ಹಿರಣ್ಯಕಶಿಪು ಅಂತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಅವರ ಆಸೆ ಒಳ್ಳೆಯದೇ. ಬಲವಂತಕ್ಕೆ ಮಕ್ಕಳ ಮನಸ್ಸು ಬಾಗಿಲು ತೆರೆಯೋದಿಲ್ಲ ಅಂತಷ್ಟೇ ಹೇಳ್ತಿದ್ದೇನೆ.

ಹಾಗಾದರೆ ಪ್ರಹ್ಲಾದನಿಗೆ ಭಕ್ತಿ ಬಂದದ್ದು ಎಲ್ಲಿಂದ? ಭಾಗವತದ ಏಳನೇ ಸ್ಕಂಧದಲ್ಲಿ ಅವನೇ ಗೆಳೆಯರಿಗೆ ಹೇಳುತ್ತಾನೆ. ಅಪ್ಪ ತಪಸ್ಸಿಗೆ ಹೋಗಿದ್ದಾಗ ಇಂದ್ರ ಗರ್ಭಿಣಿ ಕಯಾಧುವನ್ನು ಎಳೆದೊಯ್ಯುತ್ತಿದ್ದ. ನಾರದರು ಬಿಡಿಸಿ ತಮ್ಮ ಆಶ್ರಮದಲ್ಲಿ ಇಟ್ಟುಕೊಂಡರು. ಅಲ್ಲಿ ತಾಯಿಗೆ ಹೇಳಿದ ಮಾತುಗಳು ಹೊಟ್ಟೆಯಲ್ಲಿದ್ದ ಮಗುವಿಗೂ ಕೇಳಿಸಿದವು. ಕಾಲ ಕಳೆದಂತೆ ತಾಯಿ ಅದನ್ನು ಮರೆತಳು, ಮಗು ಮರೆಯಲಿಲ್ಲ. ಯಾರೂ ಅವನಿಗೆ ಪಾಠ ಒಪ್ಪಿಸು ಅನ್ನಲಿಲ್ಲ. ಪ್ರೀತಿಯಿಂದ ಆಡಿದ ಮಾತು ಕಿವಿಗೆ ಬಿತ್ತು, ಉಳಿದುಕೊಂಡಿತು.

ಅದೇ ಪ್ರಹ್ಲಾದ ಅಪ್ಪನಿಗೆ ಭಕ್ತಿಯ ಒಂಬತ್ತು ಬಗೆ ಹೇಳುತ್ತಾನೆ. ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಆಮೇಲೆ ಅರ್ಚನ. ನಂತರ ವಂದನ, ದಾಸ್ಯ, ಸಖ್ಯ, ಆತ್ಮನಿವೇದನ. ನಾವು ಪೂಜೆ ಅನ್ನುವ ಅರ್ಚನ ಐದನೆಯದು. ಮೊದಲನೆಯದು ಕೇಳೋದು. ನಿಮ್ಮ ಮನೆಯಲ್ಲಿ ಮಗುವನ್ನು ನೇರ ಐದನೆಯದಕ್ಕೆ ಕೂರಿಸಿದ್ದೀರಿ, ಅದೂ ಹಸಿದ ಹೊಟ್ಟೆಯಲ್ಲಿ. ಅವನಿಗೆ ದೇವರು ಅಂದರೆ ತನಗೂ ಇಡ್ಲಿಗೂ ನಡುವೆ ನಿಂತವನು ಅಂತ ಆಗಿಬಿಟ್ಟಿದೆ. ಸುಳ್ಳು ಹುಟ್ಟಿದ್ದು ಅಲ್ಲಿಂದಲೇ. ಮಗು ದೇವರ ವಿಷಯದಲ್ಲಿ ಸುಳ್ಳು ಹೇಳೋಕೆ ಶುರು ಮಾಡಿತು ಅಂದರೆ ಒತ್ತಾಯ ಜಾಸ್ತಿಯಾಗಿದೆ ಅಂತಲೇ ತಿಳಿಯಬೇಕು. ಅದಕ್ಕೆ ಹೊಡೆಯಬೇಡಿ. "ದೇವರು ಕಣ್ಣು ಕಿತ್ತುಬಿಡ್ತಾನೆ" ಅಂತಂತೂ ಹೇಳಲೇಬೇಡಿ.

ಈಗ ಕೇಳೋದರಿಂದ ಶುರು ಮಾಡಿ. ಸಂಜೆ ದೀಪ ಹಚ್ಚಿ ನೀವೇ ಒಂದು ದೇವರನಾಮ ಹಾಡಿ, ಅವನಿಗೆ ಕೇಳಿಸುವಷ್ಟು ದನಿಯಲ್ಲಿ. ಅವನು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿರಲಿ, ಆಡುತ್ತಿರಲಿ, ಕರೆಯಬೇಡಿ. ದಿನಾ ಅದೇ ಹೊತ್ತಿಗೆ, ಅದೇ ಹಾಡು. ಕೆಲವು ವಾರಕ್ಕೆ ಮಧ್ಯದ ಸಾಲನ್ನು ಅವನೇ ಗುನುಗಬಹುದು. ಆಗ "ನೋಡಿದ್ರಾ, ಬಂತು" ಅಂತ ಎಲ್ಲರೆದುರು ಹೊಗಳಬೇಡಿ, ನಾಚಿಕೊಂಡು ನಿಲ್ಲಿಸಿಬಿಡುತ್ತಾನೆ. ರಾತ್ರಿ ಮಲಗುವಾಗ ಕಥೆ ಹೇಳಿ. "ಮೊದಲೇ ಯಾಕೆ ಬರಲಿಲ್ಲ ನರಸಿಂಹ, ಪ್ರಹ್ಲಾದನಿಗೆ ನೋವಾಗಲಿಲ್ವಾ?" ಅಂತ ಕೇಳಿಯೇ ಕೇಳುತ್ತಾನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, "ನಿಂಗೇನನ್ಸುತ್ತೆ?" ಅಂತ ತಿರುಗಿ ಕೇಳಿ. ದೇವರನ್ನು ಪ್ರಶ್ನೆ ಮಾಡಬಾರದು ಅಂದರೆ ಮುಂದೆ ಕಥೆಯನ್ನೂ ಕೇಳೋದಿಲ್ಲ.

ಬಿಟ್ಟುಬಿಡೋದು ಅಂದರೆ ಎಲ್ಲವನ್ನೂ ಬಿಡೋದಲ್ಲ. ಗುಡಿಯೊಳಗೆ ಚಪ್ಪಲಿ ಬಿಡಬೇಕು, ಇನ್ನೊಬ್ಬರು ಕೈಮುಗಿದಾಗ ಗಲಾಟೆ ಮಾಡಬಾರದು, ಪ್ರಸಾದ ಚೆಲ್ಲಬಾರದು. ಇಷ್ಟು ಕೇಳಬಹುದು, ಕೇಳಲೇಬೇಕು. ಅದು ಬೇರೆಯವರ ಭಕ್ತಿಗೆ ಕೊಡುವ ಮರ್ಯಾದೆ. ಕೈಮುಗಿಯೋದು ಮಾತ್ರ ಅವನ ಪಾಲಿಗೆ ಬಿಡಿ.

ಒಂದು ಭಾನುವಾರ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಹೋಗುವ ಮೊದಲು ತಿಂಡಿ ಕೊಡಿ. ದಾರಿಯಲ್ಲಿ ನಾಮದ ಚಿಲುಮೆ ಸಿಗುತ್ತೆ, ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮ ಬಂಡೆಗೆ ಬಾಣ ಬಿಟ್ಟಾಗ ಚಿಮ್ಮಿದ ನೀರು ಅಂತ ಹೇಳುತ್ತಾರೆ. ನೋಡಲಿ, ಕೈಯಿಟ್ಟು ತಣ್ಣಗಿದೆಯಾ ಅಂತ ಮುಟ್ಟಲಿ. ಮೇಲೆ ಹತ್ತುವಾಗ ಹೂವಿನ ಬುಟ್ಟಿ ಅವನ ಕೈಗೆ ಕೊಡಿ. ಗರ್ಭಗುಡಿ ಮುಂದೆ "ಕೈಮುಗಿ, ಅಡ್ಡಬೀಳು" ಅಂತ ತಲೆ ಹಿಡಿದು ಬಗ್ಗಿಸಬೇಡಿ. ನೀವು ಮುಗಿಯಿರಿ.

ಇಳಿಯುವಾಗ ಕಥೆಯ ಉಳಿದ ಭಾಗ ಹೇಳಿ. ಹಿರಣ್ಯಕಶಿಪು ಸತ್ತ ಮೇಲೂ ಸ್ವಾಮಿಯ ಕೋಪ ಇಳಿಯಲಿಲ್ಲ. ದೇವತೆಗಳು ದೂರ ನಿಂತರು, ಲಕ್ಷ್ಮಿಯೂ ಹತ್ತಿರ ಹೋಗಲಿಲ್ಲ. ಕೊನೆಗೆ ಬ್ರಹ್ಮ ಪ್ರಹ್ಲಾದನನ್ನೇ ಕಳಿಸಿದ. ಆ ಪುಟ್ಟ ಹುಡುಗ ಹೋಗಿ ಕಾಲಿಗೆ ಬಿದ್ದ, ಸ್ವಾಮಿ ಎತ್ತಿ ತಲೆ ಮೇಲೆ ಕೈಯಿಟ್ಟ. ವರ ಕೇಳು ಅಂದಾಗ ಹುಡುಗ ತನ್ನನ್ನು ಕಾಡಿದ ಅಪ್ಪನಿಗೇ ಒಳ್ಳೆಯದಾಗಲಿ ಅಂತ ಬೇಡಿದ. ಇದನ್ನು ಹೇಳುವಾಗ ನಿಮ್ಮ ಯಜಮಾನರೂ ಜೊತೆಯಲ್ಲಿರಲಿ. ತಿಂಡಿಯ ಷರತ್ತನ್ನು ಮಾತ್ರ ಬೆಟ್ಟಕ್ಕೆ ಹೋಗುವ ತನಕ ಕಾಯದೆ ನಾಳೆ ಬೆಳಗ್ಗೆಯೇ ತೆಗೆದುಹಾಕಿ.