ಪೈಪ್ ಮುಟ್ಟಿದಷ್ಟು ಜಾಗಕ್ಕೇ ಗೊಬ್ಬರ

ಹೆಸರಘಟ್ಟದ ಕಡೆ ಒಂದು ಸಣ್ಣ ಡೇರಿಯಲ್ಲಿ ಮೇಲ್ವಿಚಾರಕನ ಕೆಲಸ ನನ್ನದು. ಕರುಗಳನ್ನು ಬಿಟ್ಟರೆ ಹನ್ನೆರಡು ಸೀಮೆಹಸು. ದಿನಕ್ಕೆ ಹತ್ತಿರಹತ್ತಿರ 200 ಕೆಜಿ ಸಗಣಿ. ಅದರಲ್ಲಿ 150 ಕೆಜಿ ಗೋಬರ್ ಗ್ಯಾಸ್ ಗುಂಡಿಗೆ ಹೋಗುತ್ತದೆ, ಅಷ್ಟೇ ನೀರಿನ ಜೊತೆ ಕಲಸಿ. ಆರು ಘನ ಮೀಟರಿನ ಪ್ಲಾಂಟ್. ಒಳಗೆ ಎಷ್ಟು ಹೋಗುತ್ತದೋ ಆಚೆ ಬಾಯಿಂದ ಸುಮಾರು ಅಷ್ಟೇ ಬಗ್ಗಡ ಬರುತ್ತದೆ. ಅಂದರೆ ದಿನಕ್ಕೆ 300 ಲೀಟರ್.

ಈ 300 ಲೀಟರ್ ಎಲ್ಲಿಗೆ ಹೋಗುತ್ತಿದೆ ಅಂತ ನಾನು ಎರಡು ವರ್ಷ ಸರಿಯಾಗಿ ನೋಡಿರಲೇ ಇಲ್ಲ. ಗುಂಡಿಯ ಪಕ್ಕದಲ್ಲೇ ಎಂಟು ಗುಂಟೆ ನೇಪಿಯರ್ ಹುಲ್ಲು ಇದೆ, ಸ್ವಲ್ಪ ತಗ್ಗಿನಲ್ಲಿ. ಪೈಪ್ ಬಿಟ್ಟರೆ ಬಗ್ಗಡ ತಾನಾಗಿಯೇ ಇಳಿಯುತ್ತದೆ. ಮೋಟಾರೂ ಬೇಡ, ಆಳೂ ಬೇಡ. ರಸ್ತೆಯಾಚೆ ಇನ್ನೊಂದು ಇಪ್ಪತ್ತು ಗುಂಟೆ ಹುಲ್ಲಿದೆ. ಅದು ಏರಿನಲ್ಲಿದೆ, ಅಲ್ಲಿಗೆ ಪೈಪ್ ಮುಟ್ಟುವುದಿಲ್ಲ. ಹಾಗಾಗಿ ಅದಕ್ಕೆ ವರ್ಷಕ್ಕೊಮ್ಮೆ ತಿಪ್ಪೆ ಗೊಬ್ಬರ, ಆಗಾಗ ಒಂದಿಷ್ಟು ಯೂರಿಯಾ. ಹತ್ತಿರದ ಹುಲ್ಲು ಕಪ್ಪಗೆ ಅನ್ನಿಸುವಷ್ಟು ಹಸಿರು, ದೂರದ್ದು ಬಿಳಿಚಿಕೊಂಡು ಮಂಡಿಯೆತ್ತರ. ಬಂದವರಿಗೆಲ್ಲ ಹತ್ತಿರದ ತಾಕನ್ನೇ ತೋರಿಸುತ್ತಿದ್ದೆ.

ಆಮೇಲೆ ಒಂದು ಬೇಸಿಗೆ. ಬೋರ್‌ವೆಲ್ ಸೋತಿತ್ತು, ಹುಲ್ಲಿಗೆ ನೀರು ವಾರಕ್ಕೊಮ್ಮೆ. ಬಗ್ಗಡ ಮಾತ್ರ ದಿನಾ ಅದೇ ಜಾಗಕ್ಕೆ. ಕೊನೆಗೂ ಮಳೆ ಬಂತು, ನಾಲ್ಕು ದಿನ ಮೋಡ ಮುಚ್ಚಿಕೊಂಡೇ ಇತ್ತು. ಹುಲ್ಲು ದಬದಬ ಎದ್ದಿತು. ಮೇವು ಕಡಿಮೆ ಇದ್ದದ್ದರಿಂದ 45 ದಿನ ಕಾಯದೆ 30ನೇ ದಿನಕ್ಕೇ ಕೊಯ್ಸಿದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಬರೀ ಅದನ್ನೇ ಹಾಕಿದರು. ಎರಡು ಗಂಟೆಯೊಳಗೆ ಒಂದು ಹಸು ಏದುಸಿರು ಬಿಡುತ್ತಾ ನಿಂತಿತ್ತು, ಹಿಂಗಾಲು ತೂರಾಡುತ್ತಿತ್ತು. ಹೊಟ್ಟೆ ಉಬ್ಬರ ಅಂದುಕೊಂಡೆ. ಆದರೆ ಉಬ್ಬಿರಲಿಲ್ಲ.

ಡಾಕ್ಟರು ಬಂದವರು ಮೊದಲು ತುಟಿ ಎತ್ತಿ ಒಸಡು ನೋಡಿದರು. ಗುಲಾಬಿ ಬಣ್ಣ ಹೋಗಿ ಮಣ್ಣಿನ ಬಣ್ಣ ಬಂದಿತ್ತು. ಸಿರಿಂಜಿನಲ್ಲಿ ರಕ್ತ ತೆಗೆದರೆ ಕಾಫಿ ಡಿಕಾಕ್ಷನ್ ಥರ ಇತ್ತು. "ಏನು ಹಾಕಿದ್ರಿ ಇವತ್ತು?" ಅಂತ ಕೇಳಿದರು. ಮೆಥಿಲೀನ್ ಬ್ಲೂ ರಕ್ತನಾಳಕ್ಕೆ ಕೊಟ್ಟರು. ಸಂಜೆಯ ಹೊತ್ತಿಗೆ ಹಸು ಮೆಲುಕು ಹಾಕಿತು. ನನ್ನ ಜೀವ ಬಂತು.

ಮರುದಿನ ಅವರು ಒಂದು ಪುಟ್ಟ ಬಾಟಲಿ ತಂದರು. ಡೈಫಿನೈಲ್ ಅಮೈನ್ ಅಂತೆ, ಗಂಧಕಾಮ್ಲದಲ್ಲಿ ಕರಗಿಸಿದ್ದು. ಕೈಗೆ ತಾಗಬಾರದು ಅಂದರು. ಹತ್ತಿರದ ತಾಕಿನಿಂದ ಒಂದು ದಂಟು ಬುಡಸಮೇತ ಕಿತ್ತು ಉದ್ದಕ್ಕೆ ಸೀಳಿದರು. ಬುಡದ ಹತ್ತಿರ ಒಂದು ಹನಿ ಬಿಟ್ಟರೆ ಆ ಕ್ಷಣಕ್ಕೇ ಕಡುನೀಲಿ, ನಡುವಿನಲ್ಲಿ ತಿಳಿನೀಲಿ. ಎಲೆಯಲ್ಲಿ ಹೆಚ್ಚೂಕಡಿಮೆ ಏನೂ ಇಲ್ಲ. ರಸ್ತೆಯಾಚೆಯ ಬಡಕಲು ಹುಲ್ಲಿನ ಬುಡಕ್ಕೆ ಹಾಕಿದರೆ ಬಣ್ಣ ಅಷ್ಟಾಗಿ ಬರಲೇ ಇಲ್ಲ. ನೀಲಿ ಅಂದರೆ ನೈಟ್ರೇಟ್.

ಬಗ್ಗಡದ ಸಾರಜನಕದಲ್ಲಿ ಅರ್ಧದಷ್ಟು ಅಮೋನಿಯಾ ರೂಪದಲ್ಲಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ, ಬೇರು ಹೀರುತ್ತದೆ. ಬಿಸಿಲು, ನೀರು ಎರಡೂ ಚೆನ್ನಾಗಿದ್ದರೆ ಗಿಡ ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತದೆ. ಬರ ಬಿದ್ದು, ಆಮೇಲೆ ಮಳೆ ಬಂದು, ಮೋಡ ಕವಿದರೆ ಹೀರಿದ್ದು ಹಾಗೇ ದಂಟಿನ ಬುಡದಲ್ಲಿ ನಿಂತುಬಿಡುತ್ತದೆ. ಎಳೆ ಹುಲ್ಲಿನಲ್ಲಿ ಇನ್ನೂ ಜಾಸ್ತಿ. ಹಸುವಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ರಕ್ತಕ್ಕೆ ಸೇರುತ್ತದೆ, ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ. ಯೂರಿಯಾ ಜಾಸ್ತಿಯಾದರೆ ಹೀಗಾಗುತ್ತದೆ ಅಂತ ಕೇಳಿದ್ದೆ. ಸಗಣಿಯಿಂದಲೂ ಆಗಬಹುದು ಅಂತ ನನ್ನ ತಲೆಗೆ ಹೊಳೆದಿರಲಿಲ್ಲ. ಸಗಣಿ ಅಲ್ವಾ, ಎಷ್ಟು ಹಾಕಿದರೂ ಒಳ್ಳೆಯದೇ ಅಂದುಕೊಂಡಿದ್ದೆ.

ಆ ರಾತ್ರಿ ಲೆಕ್ಕ ಹಾಕಿದೆ. ಸಾವಿರ ಲೀಟರ್ ಬಗ್ಗಡದಲ್ಲಿ ಒಂದೂವರೆ ಕೆಜಿ ಆಸುಪಾಸು ಸಾರಜನಕ ಇರುತ್ತದೆ. ಒಂದು ಕೊಯ್ಲಿಂದ ಇನ್ನೊಂದಕ್ಕೆ 45 ದಿನ, ಅಂದರೆ 13,500 ಲೀಟರ್. ಒಟ್ಟು ಸುಮಾರು 20 ಕೆಜಿ ಸಾರಜನಕ. 45 ಕೆಜಿಯ ಒಂದು ಮೂಟೆ ಯೂರಿಯಾದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ನೇಪಿಯರಿಗೆ ಒಂದು ಕೊಯ್ಲಿಗೆ ಎಕರೆಗೆ 30 ಕೆಜಿ ಸಾರಜನಕ ಸಾಕು. ಎಂಟು ಗುಂಟೆಗೆ ಅದು 6 ಕೆಜಿ. ನಾನು ಕೊಡುತ್ತಿದ್ದದ್ದು ಮೂರು ಪಟ್ಟಿಗಿಂತ ಜಾಸ್ತಿ. ಅದರಲ್ಲಿ ಅರ್ಧ ಮಾತ್ರ ತಕ್ಷಣ ಗಿಡಕ್ಕೆ ಸಿಗುತ್ತದೆ ಅಂತ ಇಟ್ಟುಕೊಂಡರೂ ಮಿಕ್ಕದ್ದು ಎಲ್ಲೂ ಹೋಗುವುದಿಲ್ಲ, ನಿಧಾನವಾಗಿ ಬಿಡುಗಡೆಯಾಗುತ್ತದೆ. ಎರಡು ವರ್ಷದ ಬಾಕಿ ಆ ಮಣ್ಣಿನಲ್ಲಿ ಕೂತಿತ್ತು.

ಗುರುತುಗಳು ಮೊದಲೇ ಇದ್ದವು. ಪೈಪಿನ ಬಾಯಿಯ ಹತ್ತಿರದ ಸಾಲುಗಳು ಗಾಳಿ ಇಲ್ಲದಿದ್ದರೂ ಒರಗುತ್ತಿದ್ದವು. ಆ ಹುಲ್ಲು ತಿಂದ ದಿನ ಹಸುಗಳ ಸಗಣಿ ತೆಳ್ಳಗೆ. ನಮ್ಮಲ್ಲಿ ಎಲ್ಲರೂ ತಾತ ಅಂತ ಕರೆಯುವ ಹಳೇ ಆಳು ಒಬ್ಬರಿದ್ದಾರೆ. ಅವರು ಎಷ್ಟೋ ಸಲ, "ಆ ಮೂಲೆ ಹುಲ್ಲು ಮೂಸಿ ಬಿಡ್ತಾವೆ ಸಾರ್, ಬೇರೆದಾದ್ರೆ ಬುಟ್ಟಿ ಖಾಲಿ" ಅಂದಿದ್ದರು. ಹಸುಗಳಿಗೆ ಸೊಕ್ಕು ಅಂದು ನಕ್ಕಿದ್ದೆ.

ಈಗ ಬಗ್ಗಡ ಬಿಡುವುದಕ್ಕೆ ನಮ್ಮದೊಂದು ಪದ್ಧತಿ ಆಗಿದೆ. ಪೈಪನ್ನು ಅರವತ್ತು ಅಡಿ ಉದ್ದ ಮಾಡಿ ಪಕ್ಕದ ಜೋಳದ ಪಟ್ಟಿಯನ್ನೂ ಸೇರಿಸಿಕೊಂಡೆವು. ಒಟ್ಟು ಹನ್ನೆರಡು ಗುಂಟೆ ಆಯಿತು. ಗುಂಟೆಗೆ ಒಂದು ಕೊಯ್ಲಿಗೆ 600 ಲೀಟರ್, ಅದಕ್ಕಿಂತ ಇಲ್ಲ. ಡ್ರಮ್ಮಿನಲ್ಲಿ ಅಳೆದೇ ಬಿಡುತ್ತೇವೆ. ಹುಲ್ಲು ಕೊಯ್ದ ಮೂರ್ನಾಲ್ಕು ದಿನದೊಳಗೆ, ಬರೀ ಕೂಳೆ ಇರುವಾಗ, ಸಾಲಿನ ಮಧ್ಯದ ಕಾಲುವೆಗೆ, ನೀರು ಹಾಯಿಸುವ ಹೊತ್ತಿನಲ್ಲೇ ಸಮಕ್ಕೆ ನೀರು ಬೆರೆಸಿ. ಹುಲ್ಲು ಮೊಣಕಾಲು ಬಂದ ಮೇಲೆ ಬಿಟ್ಟರೆ ಎಲೆಗೆ ಸಿಡಿದು ಒಣಗುತ್ತದೆ, ಆ ಎಲೆಯನ್ನು ಹಸು ಮುಟ್ಟುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಬಿಟ್ಟರೆ ಅಮೋನಿಯಾ ಹಾರಿಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಅದಕ್ಕೇ ಸಂಜೆ. ಮಳೆ ಬರುವ ಹಾಗಿದ್ದರೆ ಬಿಡುವುದೇ ಇಲ್ಲ. ಬರ ಬಿದ್ದು ಮಳೆಯಾದ ಮೇಲಿನ ಮೊದಲ ಕೊಯ್ಲಿನಲ್ಲಿ ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯುತ್ತೇವೆ, ರಾಗಿ ಹುಲ್ಲಿನ ಜೊತೆ ಬೆರೆಸಿ ಹಾಕುತ್ತೇವೆ.

ಇನ್ನೊಂದು ಮಾತು. ಚೆನ್ನಾಗಿ ಕಳಿತ ಬಗ್ಗಡಕ್ಕೆ ಸಗಣಿ ವಾಸನೆ ಇರುವುದಿಲ್ಲ, ನೊಣ ಕೂರುವುದಿಲ್ಲ. ಹೊರತೊಟ್ಟಿಯಲ್ಲಿ ಗುಳ್ಳೆ ಏಳುತ್ತಿದ್ದರೆ, ನೊಣ ಮುತ್ತಿದ್ದರೆ, ಒಳಗೆ ಸಗಣಿ ಜಾಸ್ತಿ ತುರುಕುತ್ತಿದ್ದೀರಿ ಅಂತ ಅರ್ಥ. ಪೂರ್ತಿ ಕಳಿಯುವ ಮೊದಲೇ ಆಚೆ ಬರುತ್ತಿದೆ.

ಒಂದು ಕೊಯ್ಲಿನ 13,500 ಲೀಟರಿನಲ್ಲಿ ಹನ್ನೆರಡು ಗುಂಟೆಗೆ ಹೋಗುವುದು 7,200. ಮಿಕ್ಕ 6,000 ಚಿಲ್ಲರೆ ಲೀಟರ್ ಏನು ಮಾಡುವುದು? ರಸ್ತೆಯಾಚೆಗೆ ಹೊರಿಸೋಣ ಅಂತ ಮೊದಲು ಯೋಚಿಸಿದೆ. ಆದರೆ ಬಗ್ಗಡದಲ್ಲಿ ನೂರಕ್ಕೆ 93 ಪಾಲು ನೀರು. ಆಟೋ ಬಾಡಿಗೆ ಕೊಟ್ಟು ನೀರು ಹೊರಿಸಿದ ಹಾಗೆ. ದೂರದ ತಾಕಿಗೆ ಗಟ್ಟಿ ಗೊಬ್ಬರವೇ ಆಗಬೇಕು. ಹಳೇ ತಿಪ್ಪೆಯನ್ನು ಅಗೆದು ನೋಡಿದಾಗ ಅದರ ಕಥೆಯೂ ಗೊತ್ತಾಯಿತು. ಮೇಲೆ ಬಿಸಿಲಿಗೆ ಇಟ್ಟಿಗೆಯಂತೆ ಒಣಗಿತ್ತು, ಒಳಗೆ ಬೂದಿ ಬಣ್ಣದ ಬೂಷ್ಟು, ಇನ್ನೂ ಕೆಳಗೆ ಹೆಬ್ಬೆರಳು ಗಾತ್ರದ ಗೊಣ್ಣೆಹುಳು. ಕೊಳೆತೇ ಇರಲಿಲ್ಲ. ಅದನ್ನು ನಾವು ವರ್ಷಾ ವರ್ಷ ಹುಲ್ಲಿನ ಬೇರಿಗೆ ಕೊಂಡೊಯ್ದು ಕೊಡುತ್ತಿದ್ದೆವು, ಹುಳು ಸಮೇತ, ಪಾರ್ಥೇನಿಯಂ ಬೀಜ ಸಮೇತ.

ಹೊಂಗೆ ಮರದ ನೆರಳಲ್ಲಿ ಮೂರು ಗುಂಡಿ ತೆಗೆಸಿದೆ. ಹತ್ತಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳ. ತಳಕ್ಕೆ ಅರ್ಧ ಅಡಿ ಒಣ ಕಸ: ಹಸು ತಿಂದುಬಿಟ್ಟ ದಂಟು, ರಾಗಿ ಹುಲ್ಲಿನ ಚೂರು, ತರಗು. ಅದರ ಮೇಲೆ ತೆಳ್ಳಗೆ ಮಿಕ್ಕ ಸಗಣಿ, ಆಮೇಲೆ ಬಗ್ಗಡ. ಒಂದು ಕೆಜಿ ಒಣ ಕಸಕ್ಕೆ ಎರಡು ಲೀಟರ್ ಬಗ್ಗಡ ಸಾಕು. ಹೀಗೆ ಪದರದ ಮೇಲೆ ಪದರ. ತುಂಬಿದ ಮೇಲೆ ಮಣ್ಣು, ಸಗಣಿ ಕಲಸಿ ಮೆತ್ತುತ್ತೇವೆ. ತಿಂಗಳಿಗೆ ಒಡೆದು ಒಮ್ಮೆ ತಿರುವಿಹಾಕಿದರೆ ಮೂರು ತಿಂಗಳಿಗೆ ಗೊಬ್ಬರ.

ಮೊದಲ ಗುಂಡಿ ಕೆಟ್ಟಿತು. ಬಗ್ಗಡ ಖಾಲಿ ಮಾಡುವ ಆತುರದಲ್ಲಿ ಹುಡುಗರು ಸುಮ್ನೆ ಸುರಿದರು. ಹತ್ತು ದಿನಕ್ಕೆ ಚರಂಡಿ ವಾಸನೆ. ಈಗ ಎರಡು ಪರೀಕ್ಷೆ ಇದೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಬೇಕು. ಬೆರಳ ಸಂದಿಯಿಂದ ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಒಣ ಕಸ ಹಾಕಬೇಕು, ಏನೂ ಬರದಿದ್ದರೆ ಬಗ್ಗಡ ಬೇಕು. ಇನ್ನೊಂದು, ಒಂದು ವಾರವಾದ ಮೇಲೆ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯುವುದು. ಕೈಯಲ್ಲಿ ಹಿಡಿಯಲಾಗದಷ್ಟು ಸುಡಬೇಕು. ಆ ಕಾವಿಗೇ ಕಳೆ ಬೀಜ ಸಾಯುವುದು. ಅಂಚಿನಲ್ಲಿ ಅಷ್ಟು ಕಾವು ಬರುವುದಿಲ್ಲ, ಅದಕ್ಕೇ ತಿರುವುವಾಗ ಅಂಚಿನದ್ದು ನಡುವಿಗೆ.

ನಮಗೆ ಕೊರತೆ ಬಿದ್ದದ್ದು ಒಣ ಕಸಕ್ಕೆ. ಬೆಂಗಳೂರಿನಲ್ಲಿ ತರಗೆಲೆಗೆ ಬರವೇ? ಒಂದು ಅಪಾರ್ಟ್‌ಮೆಂಟಿನವರು ಮೂಟೆಗಟ್ಟಲೆ ಕೊಡಲು ಒಪ್ಪಿದರು, ಆಟೋ ಬಾಡಿಗೆ ಮಾತ್ರ ನಮ್ಮದು. ಮೊದಲ ಲೋಡ್ ಸುರಿದಾಗ ಎಲೆಯ ಜೊತೆ ಬಿಸ್ಕತ್ತಿನ ಕವರು, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು, ಎರಡು ಮೊಳೆ. ಬೇರೆ ಬೆಳೆಗಾದರೆ ಹೇಗೋ ನಡೆಯುತ್ತಿತ್ತು. ಮೇವಿನ ತಾಕಿಗೆ ಬಿದ್ದ ಮೊಳೆ ಒಂದು ದಿನ ಹುಲ್ಲಿನ ಕಟ್ಟಿನ ಜೊತೆ ಹಸುವಿನ ಹೊಟ್ಟೆಗೇ ಬರುತ್ತದೆ. ಈಗ ಪ್ರತಿ ಮೂಟೆಯನ್ನೂ ಟಾರ್ಪಾಲಿನ ಮೇಲೆ ಸುರಿದು ಕೈಯಲ್ಲಿ ಆರಿಸುತ್ತೇವೆ, ಒಂದು ಆಯಸ್ಕಾಂತವನ್ನೂ ಆಡಿಸುತ್ತೇವೆ. ಎಲೆ ಬಾರದ ವಾರ ಬಗ್ಗಡ ಬೇಲಿಯ ಮರಗಳಿಗೆ ಹೋಗುತ್ತದೆ. ಹಳೇ ಮೂಲೆಗೆ ಮಾತ್ರ ಇಲ್ಲ.

ಆ ಮೂಲೆಗೆ ಬಗ್ಗಡ ನಿಲ್ಲಿಸಿ ಮೂರು ಕೊಯ್ಲಾಯಿತು. ಹುಲ್ಲು ಇನ್ನೂ ಪಕ್ಕದ್ದಕ್ಕಿಂತ ಕಪ್ಪಗೇ ಇದೆ. ಹೋದ ವಾರ ತಾತ ಅಲ್ಲಿಂದ ಒಂದು ಹೊರೆ ತಂದು ಗೋದಲಿಗೆ ಹಾಕಿ, ಏನೂ ಹೇಳದೆ ನನ್ನನ್ನೇ ನೋಡುತ್ತಾ ನಿಂತರು. ಹಸು ಮೂಸಿತು. ಆಮೇಲೆ ತಿಂದಿತು, ಅರ್ಧ.